270ಎ ದಂಡದ ನೋಟಿಸಿಗೆ ಉತ್ತರ ಬರೆದ ಬಗೆ

2024ರ ಮಾರ್ಚ್ 20ರಂದು ನನ್ನ ಅಣ್ಣನ ಆದಾಯ ತೆರಿಗೆ ಖಾತೆಗೆ ಮೂರು ಕಾಗದಗಳು ಒಟ್ಟಿಗೆ ಬಂದವು. ಮೊದಲನೆಯದು 2022-23ನೇ ಅಸೆಸ್‌ಮೆಂಟ್ ವರ್ಷಕ್ಕೆ ಕಲಂ 143(3)ರ ಅಡಿ ಹೊರಡಿಸಿದ ಅಸೆಸ್‌ಮೆಂಟ್ ಆದೇಶ, ಎರಡನೆಯದು ಕಲಂ 156ರ ಬೇಡಿಕೆ ನೋಟಿಸ್, ಮೂರನೆಯದು ಕಲಂ 270ಎ ಜೊತೆಗೆ ಓದಿಕೊಳ್ಳಬೇಕಾದ ಕಲಂ 274ರ ದಂಡದ ನೋಟಿಸ್. ಅಣ್ಣ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದು 2020ರಲ್ಲಿ ನಿವೃತ್ತನಾದವನು. ನಾನು ಬಹುಕಾಲ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವನೇ ಹೊರತು ತೆರಿಗೆ ವಕೀಲನಲ್ಲ. ಹಾಗಾಗಿ ಉತ್ತರದ ಕರಡನ್ನು ನಾನು ಸಿದ್ಧಪಡಿಸುವುದು, ಸಲ್ಲಿಸುವ ಮುನ್ನ ನಮ್ಮ ಊರಿನ ಆಡಿಟರ್ ಒಬ್ಬರಿಗೆ ತೋರಿಸುವುದು ಎಂದು ಮಾತಾಯಿತು.

ಆದೇಶದಲ್ಲಿ ಅಣ್ಣನ ಆದಾಯಕ್ಕೆ ಎರಡು ಮೊತ್ತಗಳನ್ನು ಸೇರಿಸಲಾಗಿತ್ತು. ನಿವೃತ್ತಿಯ ಹಣದಲ್ಲಿ ಇಟ್ಟಿದ್ದ ಒಂದು ಸಂಚಿತ ನಿಶ್ಚಿತ ಠೇವಣಿಯ ಮೇಲಿನ ಆ ವರ್ಷದ ಬಡ್ಡಿ 1,50,000 ರೂಪಾಯಿ ರಿಟರ್ನಿನಲ್ಲಿ ಇರಲಿಲ್ಲ ಎಂಬುದು ಮೊದಲನೆಯದು. ಅದೇ ವರ್ಷ ಮಾರಿದ ಮನೆಗೆ ಸಂಬಂಧಿಸಿದ್ದು ಎರಡನೆಯದು. ಆ ಮನೆಗೆ 2012-13ರಲ್ಲಿ ಮೊದಲ ಮಹಡಿ ಕಟ್ಟಿಸಿದ ವೆಚ್ಚ ನಾಲ್ಕು ಲಕ್ಷವೆಂದು ಅಣ್ಣ ತೋರಿಸಿದ್ದ. ಅಧಿಕಾರಿಗಳು ಬಿಲ್ಲುಗಳಿರುವ ಎರಡು ಲಕ್ಷವನ್ನು ಒಪ್ಪಿ, ಉಳಿದ ಎರಡು ಲಕ್ಷವನ್ನು ತಳ್ಳಿಹಾಕಿದ್ದರು. 2012-13ರ ಬೆಲೆ ಸೂಚ್ಯಂಕ 200, 2021-22ರದ್ದು 317 ಆದುದರಿಂದ ತಳ್ಳಿಹಾಕಿದ ಎರಡು ಲಕ್ಷವು ದೀರ್ಘಾವಧಿ ಬಂಡವಾಳ ಲಾಭದಲ್ಲಿ 3,17,000 ರೂಪಾಯಿಯ ಹೆಚ್ಚಳವಾಗಿ ಕಾಣಿಸಿಕೊಂಡಿತ್ತು. ಎರಡೂ ಸೇರಿ ಕಡಿಮೆ ತೋರಿಸಿದ ಆದಾಯ 4,67,000 ರೂಪಾಯಿ ಎಂದು ನೋಟಿಸ್ ಹೇಳಿತು.

1961ರ ಕಾಯ್ದೆಯ ಕಲಂ 270ಎ ಅನ್ನು ಮೊದಲ ಉಪಕಲಂನಿಂದ ಸರಾಗವಾಗಿ ಓದುತ್ತಾ ಹೋದರೆ ಹನ್ನೆರಡನೆಯದನ್ನು ಮುಟ್ಟುವಷ್ಟರಲ್ಲಿ ಎಳೆ ತಪ್ಪಿಹೋಗುತ್ತದೆ. ಅದರಲ್ಲಿ ಅರ್ಧದಷ್ಟು ಭಾಗ ಕಂಪನಿಗಳ ಪುಸ್ತಕ ಲಾಭ, ನಷ್ಟದ ರಿಟರ್ನ್, ವರ್ಗಾವಣೆ ಬೆಲೆ ಮುಂತಾದ, ಪಿಂಚಣಿದಾರನಿಗೆ ಸಂಬಂಧವೇ ಇಲ್ಲದ ಸಂಗತಿಗಳಿಗೆ ಮೀಸಲಾಗಿದೆ. ನಾನು ಓದಿದ ಕ್ರಮ ಬೇರೆ. ಉಪಕಲಂ (2)ರಲ್ಲಿ ನಮಗೆ ತಗಲುವ ಖಂಡ (ಎ) ಒಂದೇ: ರಿಟರ್ನ್ 143(1)(ಎ) ಪ್ರಕಾರ ಸಂಸ್ಕರಣೆಯಾದಾಗ ನಿಂತ ಆದಾಯಕ್ಕಿಂತ ಅಸೆಸ್‌ಮೆಂಟ್‌ನಲ್ಲಿ ನಿರ್ಧರಿಸಿದ ಆದಾಯ ಹೆಚ್ಚಾಗಿದ್ದರೆ ಅದು ಕಡಿಮೆ ತೋರಿಸಿದ ಆದಾಯ. ಆ ಅಳತೆಯಲ್ಲಿ ನಮ್ಮ ಪ್ರಕರಣ ಒಳಗೆ ಬರುವುದರಲ್ಲಿ ಅನುಮಾನವಿರಲಿಲ್ಲ. ಆದ್ದರಿಂದ ಅಲ್ಲಿ ವಾದ ಹೂಡದೆ ನೇರವಾಗಿ (7), (8), (9)ಕ್ಕೆ ಹೋದೆ. ಬರಿಯ ಕಡಿಮೆ ತೋರಿಕೆಗೆ, ಅದರ ಮೇಲಿನ ತೆರಿಗೆಯ ಶೇಕಡಾ 50 ದಂಡ ಎಂದು (7) ಹೇಳುತ್ತದೆ. ಅದು ತಪ್ಪು ವರದಿಯ ಫಲವಾಗಿದ್ದರೆ ಶೇಕಡಾ 200 ಎಂದು (8) ಹೇಳುತ್ತದೆ. ಯಾವುದು ತಪ್ಪು ವರದಿ ಎಂಬುದನ್ನು (9) ಆರು ಖಂಡಗಳಲ್ಲಿ ಎಣಿಸುತ್ತದೆ. ಕೊನೆಗೆ ಓದಿದ್ದು, ಯಾವ ಮೊತ್ತವನ್ನು ಕಡಿಮೆ ತೋರಿಸಿದ ಆದಾಯವೆಂದು ಪರಿಗಣಿಸಬಾರದು ಎಂದು ಹೇಳುವ (6)ನ್ನು.

ಈಗ ನೋಟಿಸಿನ ವಾಕ್ಯಕ್ಕೆ ಬಂದೆ. "ತಪ್ಪು ವರದಿಯ ಫಲವಾಗಿ ಕಡಿಮೆ ತೋರಿಸಿದ ಆದಾಯ" ಎಂಬರ್ಥದ ಒಂದೇ ಸಾಲು ಅದರಲ್ಲಿತ್ತು. ಉಪಕಲಂ (9)ರ ಆರು ಖಂಡಗಳಲ್ಲಿ ಯಾವುದು ಎಂಬ ಉಲ್ಲೇಖವಿರಲಿಲ್ಲ. ಹಲವು ವೇಳೆ ನೋಟಿಸ್ ಅಚ್ಚಿನ ನಮೂನೆಯಲ್ಲಿದ್ದರೂ ಅಸೆಸ್‌ಮೆಂಟ್ ಆದೇಶದ ಒಳಗೆ ಪ್ರತಿ ಸೇರ್ಪಡೆಯ ಕೊನೆಯಲ್ಲಿ ಕಾರಣ ಬರೆದಿರುತ್ತಾರೆ ಎಂದು ಆಡಿಟರ್ ಎಚ್ಚರಿಸಿದ್ದರಿಂದ ಆದೇಶವನ್ನು ಮತ್ತೆ ಅಕ್ಷರಕ್ಷರ ಓದಿದೆ. ಅಲ್ಲಿಯೂ ಎರಡು ಸೇರ್ಪಡೆಗಳ ಕೆಳಗೆ ಅದೇ ಸಾಲು ಇತ್ತೇ ವಿನಾ ಖಂಡದ ಹೆಸರಿರಲಿಲ್ಲ. ಆದೇಶವನ್ನು ಓದದೆ ನೋಟಿಸ್ ಒಂದನ್ನೇ ಹಿಡಿದು "ಖಂಡ ಹೇಳಿಲ್ಲ" ಎಂದು ಬರೆದಿದ್ದರೆ, ಆದೇಶದಲ್ಲಿ ಹೇಳಿದ್ದ ಪಕ್ಷದಲ್ಲಿ ನಮ್ಮ ಆಕ್ಷೇಪ ಮೊದಲ ಪುಟದಲ್ಲಿಯೇ ಬಿದ್ದುಹೋಗುತ್ತಿತ್ತು.

ಖಂಡಗಳನ್ನು ನಾವೇ ಒಂದೊಂದಾಗಿ ಇಟ್ಟುನೋಡಿದೆವು. ಲೆಕ್ಕಪುಸ್ತಕದಲ್ಲಿ ಹೂಡಿಕೆ ಬರೆಯದಿರುವುದು, ಸುಳ್ಳು ನಮೂದು ಮಾಡುವುದು, ಸ್ವೀಕೃತಿಯನ್ನು ದಾಖಲಿಸದಿರುವುದು ಎಂಬ (ಬಿ), (ಡಿ), (ಇ) ಮೂರಕ್ಕೂ ಲೆಕ್ಕಪುಸ್ತಕವೇ ಆಧಾರ. ಪಿಂಚಣಿದಾರನಿಗೆ ಅಂಥ ಪುಸ್ತಕವಿಲ್ಲ, ಇಡಬೇಕೆಂಬ ಕಾನೂನೂ ಇಲ್ಲ. ಅಂತರರಾಷ್ಟ್ರೀಯ ವಹಿವಾಟಿನ (ಎಫ್) ನಮಗೆ ಸಂಬಂಧಿಸಿದ್ದಲ್ಲ. ಉಳಿದವು ಎರಡು: ಸಂಗತಿಗಳನ್ನು ತಿರುಚುವುದು ಅಥವಾ ಅಡಗಿಸುವುದು ಎಂಬ (ಎ), ಯಾವುದೇ ಸಾಕ್ಷ್ಯದ ಬೆಂಬಲವಿಲ್ಲದ ವೆಚ್ಚವನ್ನು ಕೋರುವುದು ಎಂಬ (ಸಿ). ಬಡ್ಡಿಯ ವಿಷಯದಲ್ಲಿ ಅಧಿಕಾರಿಗಳ ಮನಸ್ಸಿನಲ್ಲಿ (ಎ), ಮಹಡಿಯ ವೆಚ್ಚದಲ್ಲಿ (ಸಿ) ಇದ್ದಿರಬಹುದೆಂದು ಊಹಿಸಿ, ಆ ಎರಡಕ್ಕೂ ಉತ್ತರ ಸಿದ್ಧವಿರಬೇಕೆಂದು ತೀರ್ಮಾನಿಸಿದೆವು.

ಮೊತ್ತ ಎಷ್ಟಾಗಬಹುದೆಂದು ತಿಳಿಯದೆ ಯಾವ ದಾರಿ ಹಿಡಿಯಬೇಕೆಂದು ಹೇಳಲಾಗದು. ಉಪಕಲಂ (10)ರ ಲೆಕ್ಕ ನೋಡಲು ಕಠಿಣವಾದರೂ ಮಾಡಲು ಸುಲಭ: ಕಡಿಮೆ ತೋರಿಸಿದ ಆದಾಯವನ್ನು ಮೊದಲಿನ ಆದಾಯಕ್ಕೆ ಕೂಡಿಸಿದಾಗ ಬರುವ ತೆರಿಗೆಯಿಂದ, ಮೊದಲಿನ ಆದಾಯದ ಮೇಲಿನ ತೆರಿಗೆಯನ್ನು ಕಳೆಯಬೇಕು. ಅಣ್ಣ ಹಳೆಯ ತೆರಿಗೆ ಪದ್ಧತಿಯಲ್ಲಿದ್ದ, ಬಂಡವಾಳ ಲಾಭ ಬಿಟ್ಟು ಅವನ ಆದಾಯ 7,20,000 ರೂಪಾಯಿ. ಬಡ್ಡಿ ಸೇರಿದರೂ ಅದು ಶೇಕಡಾ 20ರ ಹಂತದಲ್ಲಿಯೇ ಉಳಿಯುವುದರಿಂದ ಬಡ್ಡಿಯ ಮೇಲಿನ ತೆರಿಗೆ 30,000 ಆಯಿತು. ಬಂಡವಾಳ ಲಾಭದ ಹೆಚ್ಚಳದ ಮೇಲೆ ಶೇಕಡಾ 20ರಂತೆ 63,400. ಶೇಕಡಾ 4ರ ಸೆಸ್ ಸೇರಿ ಒಟ್ಟು 97,136 ರೂಪಾಯಿ. ಇದರ ಅರ್ಧ 48,568, ಇಮ್ಮಡಿ 1,94,272. ಬ್ಯಾಂಕು ಬಡ್ಡಿಯಿಂದ 15,000 ರೂಪಾಯಿ ಟಿಡಿಎಸ್ ಕಡಿತ ಮಾಡಿತ್ತು. ಅದರ ಲಾಭ ಬೇಡಿಕೆಯ ಮೊತ್ತದಲ್ಲಿ ಸಿಗುತ್ತದೆ, ದಂಡದ ಲೆಕ್ಕದಲ್ಲಿ ಸಿಗುವುದಿಲ್ಲ, ಏಕೆಂದರೆ (10) ಅಳೆಯುವುದು ಆದಾಯದ ಮೇಲಿನ ತೆರಿಗೆಯನ್ನು, ಬಾಕಿ ಉಳಿದ ತೆರಿಗೆಯನ್ನಲ್ಲ. ಅಣ್ಣನಿಗೆ ಇದು ಕೊನೆಯವರೆಗೂ ಸರಿಯೆನಿಸಲಿಲ್ಲ.

ಇಷ್ಟಾದ ಮೇಲೆ ಕಲಂ 270ಎಎ ಎದುರಾಯಿತು. ಆದೇಶದ ತೆರಿಗೆ ಮತ್ತು ಬಡ್ಡಿಯನ್ನು ಬೇಡಿಕೆ ನೋಟಿಸಿನ ಅವಧಿಯೊಳಗೆ ಪೂರ್ತಿ ಕಟ್ಟಿ, ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸದಿದ್ದರೆ, ನಮೂನೆ 68ರಲ್ಲಿ ಅರ್ಜಿ ಹಾಕಿ ದಂಡದಿಂದಲೂ ಕ್ರಿಮಿನಲ್ ಮೊಕದ್ದಮೆಯಿಂದಲೂ ವಿನಾಯಿತಿ ಕೇಳಬಹುದು. ದಂಡದ ಪ್ರಕ್ರಿಯೆ ಉಪಕಲಂ (9)ರ ಸಂದರ್ಭಗಳಲ್ಲಿ ಆರಂಭವಾಗಿದ್ದರೆ ಮಾತ್ರ ಈ ಬಾಗಿಲು ಮುಚ್ಚುತ್ತದೆ. ಹಾಗಾಗಿ ನೋಟಿಸಿನ ಆ ಒಂದು ಸಾಲು ದಂಡವನ್ನು ನಾಲ್ಕು ಪಟ್ಟು ಮಾಡುವುದಷ್ಟೇ ಅಲ್ಲದೆ ವಿನಾಯಿತಿಗೂ ಅಡ್ಡ ನಿಲ್ಲುತ್ತದೆ. ತಪ್ಪು ವರದಿಯ ಯಾವ ಖಂಡವೆಂದು ಹೇಳದೆ ಹೊರಡಿಸಿದ ನೋಟಿಸಿನ ಆಧಾರದ ಮೇಲೆ ವಿನಾಯಿತಿ ನಿರಾಕರಿಸುವುದು ಸಲ್ಲದೆಂದು ದೆಹಲಿ ಹೈಕೋರ್ಟ್ 2022ರಲ್ಲಿ ಷ್ನೈಡರ್ ಎಲೆಕ್ಟ್ರಿಕ್ ಸೌತ್ ಈಸ್ಟ್ ಏಷ್ಯಾ ಪ್ರಕರಣದಲ್ಲಿ ಹೇಳಿದ್ದರಿಂದ, ಪ್ರಯತ್ನಿಸಲು ನಮಗೆ ಆಧಾರವಿತ್ತು.

ಇಲ್ಲಿ ದಿನಾಂಕಗಳ ಲೆಕ್ಕ ಬಹಳ ಸೂಕ್ಷ್ಮವಾದುದು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತೆರಿಗೆ ಕಟ್ಟಲು ಬೇಡಿಕೆ ನೋಟಿಸ್ ತಲುಪಿದಂದಿನಿಂದ 30 ದಿನ, ಮೇಲ್ಮನವಿಗೂ 30 ದಿನ, ಅಂದರೆ ನಮಗೆ ಎರಡೂ ಏಪ್ರಿಲ್ 19ಕ್ಕೆ ಮುಗಿಯುತ್ತಿದ್ದವು. ನಮೂನೆ 68ಕ್ಕೆ ಮಾತ್ರ ಆದೇಶ ಕೈಸೇರಿದ ತಿಂಗಳ ಕೊನೆಯಿಂದ ಒಂದು ತಿಂಗಳು, ಅಂದರೆ ಏಪ್ರಿಲ್ 30. ಏಪ್ರಿಲ್ 30ರವರೆಗೆ ಸಮಯವಿದೆಯಲ್ಲ ಎಂದು ಕುಳಿತರೆ ಅಪಾಯವಿದೆ. ಅರ್ಜಿ ಹಾಕಿದ ದಿನದಿಂದ ಅದು ತಿರಸ್ಕೃತವಾದ ಆದೇಶ ತಲುಪುವ ದಿನದವರೆಗಿನ ಕಾಲವನ್ನು ಕಲಂ 249(2) ಮೇಲ್ಮನವಿಯ ಅವಧಿಯಿಂದ ಹೊರಗಿಡುತ್ತದೆ ನಿಜ, ಆದರೆ ಅರ್ಜಿ ಹಾಕುವ ಮೊದಲೇ 30 ದಿನ ಕಳೆದುಹೋಗಿದ್ದರೆ ಹೊರಗಿಡಲು ಏನೂ ಉಳಿದಿರುವುದಿಲ್ಲ. ಅರ್ಜಿಯೂ ತಿರಸ್ಕೃತ, ಮೇಲ್ಮನವಿಯೂ ತಡ ಎಂಬ ಸ್ಥಿತಿಯಲ್ಲಿ ವಿಳಂಬವನ್ನು ಮನ್ನಿಸಿ ಎಂದು ಕೇಳುತ್ತಾ ನಿಲ್ಲಬೇಕಾಗುತ್ತದೆ. ಆದ್ದರಿಂದ ಏಪ್ರಿಲ್ 8ಕ್ಕೆ ತೆರಿಗೆ ಕಟ್ಟಿ, 10ನೇ ತಾರೀಕಿಗೆ ನಮೂನೆ 68 ಸಲ್ಲಿಸಿದೆವು. ಮೇಲ್ಮನವಿಗೆ ಒಂಬತ್ತು-ಹತ್ತು ದಿನ ಕೈಯಲ್ಲಿ ಉಳಿಯಿತು.

ಅರ್ಜಿ ಬಾಕಿಯಿದೆ ಎಂದು ದಂಡದ ನೋಟಿಸಿಗೆ ಉತ್ತರಿಸದೆ ಬಿಡುವುದು ಸರಿಯಲ್ಲವೆಂದು ಆಡಿಟರ್ ಹೇಳಿದರು. "ಮೇಷ್ಟ್ರೇ, ವಿನಾಯಿತಿ ಸಿಕ್ಕರೆ ಈ ಉತ್ತರ ಕಡತದಲ್ಲಿ ಸುಮ್ಮನೆ ಇರುತ್ತದೆ, ಸಿಗದಿದ್ದರೆ ಇದೊಂದೇ ನಿಮ್ಮ ಪರವಾಗಿ ಮಾತಾಡುವುದು" ಎಂದರು. ಮೇ ತಿಂಗಳಲ್ಲಿ ಬಂದ ಆದೇಶ ಅವರ ಮಾತನ್ನು ಸಮರ್ಥಿಸಿತು. ಅಸೆಸ್‌ಮೆಂಟ್ ಆದೇಶದಲ್ಲಿ ತಪ್ಪು ವರದಿ ಎಂದು ದಾಖಲಾಗಿದೆ ಎಂಬ ಕಾರಣಕ್ಕೆ ನಮೂನೆ 68 ತಿರಸ್ಕೃತವಾಗಿತ್ತು. ಅದರ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದಾಗಿದ್ದರೂ ಅದರ ಖರ್ಚು ವಿವಾದದ ಮೊತ್ತಕ್ಕೆ ಹೊಂದುವಂತಿರಲಿಲ್ಲ. ಮಹಡಿಯ ವೆಚ್ಚದ ಬಗ್ಗೆ ಮೇಲ್ಮನವಿ ಹೋಗಬಹುದಿತ್ತು, ಆದರೆ ಹನ್ನೊಂದು ವರ್ಷಗಳ ಹಿಂದಿನ ಬಿಲ್ಲುಗಳು ಇನ್ನು ಸಿಗುವ ಭರವಸೆ ಅಣ್ಣನಿಗಿರಲಿಲ್ಲ. ತೆರಿಗೆ ಕಟ್ಟಿಯಾಗಿದೆ, ಅದು ಹೋಗಲಿ, ದಂಡವನ್ನು ಮಾತ್ರ ಎದುರಿಸೋಣ ಎಂದ. ಆ ನಿರ್ಧಾರದಿಂದಾಗಿ ಉತ್ತರದಲ್ಲಿ ಒಂದು ವಾಕ್ಯ ಕಡ್ಡಾಯವಾಯಿತು: ಸೇರ್ಪಡೆಯನ್ನು ಪ್ರಶ್ನಿಸದಿರುವುದು ವ್ಯಾಜ್ಯ ಬೆಳೆಸದಿರುವ ಉದ್ದೇಶದಿಂದ ಮಾತ್ರ, ದಂಡದ ಪ್ರಕ್ರಿಯೆ ಪ್ರತ್ಯೇಕವಾದುದರಿಂದ ಇದನ್ನು ತಪ್ಪೊಪ್ಪಿಗೆಯೆಂದು ಭಾವಿಸಬಾರದು.

ಮೊದಲ ಕರಡಿನಲ್ಲಿ ನಾನು ಎರಡೂ ಸೇರ್ಪಡೆಗಳನ್ನು ಒಟ್ಟಿಗೆ ಸಮರ್ಥಿಸಿದ್ದೆ. ಓದಿದಾಗ ಬಡ್ಡಿಯ ದುರ್ಬಲ ವಿವರಣೆ ಮಹಡಿಯ ಗಟ್ಟಿಯಾದ ವಿವರಣೆಯನ್ನೂ ಕೆಳಗೆ ಎಳೆಯುತ್ತಿದೆ ಎಂದು ಸ್ಪಷ್ಟವಾಯಿತು. ಆದ್ದರಿಂದ ಉತ್ತರವನ್ನು ಮತ್ತೆ ಹೀಗೆ ಕಟ್ಟಿದೆವು. ಆರಂಭದಲ್ಲಿ ಯಾವ ಆದೇಶ, ಯಾವ ನೋಟಿಸ್, ತೆರಿಗೆ ಕಟ್ಟಿದ ದಿನ, ನಮೂನೆ 68ರ ಗತಿ, ಇಷ್ಟು ಸಂಗತಿಗಳನ್ನು ಅರ್ಧ ಪುಟದಲ್ಲಿ ಹೇಳಿದೆವು. ಆಮೇಲೆ ನೋಟಿಸಿನ ದೋಷದ ಆಕ್ಷೇಪ ಬಂತು. ದಂಡದ ನೋಟಿಸ್ ಯಾವ ಆಪಾದನೆಗೆಂದು ನಿರ್ದಿಷ್ಟವಾಗಿ ಹೇಳಬೇಕು, ಅಚ್ಚಿನ ನಮೂನೆ ಸಾಲದು ಎಂದು ಕರ್ನಾಟಕ ಹೈಕೋರ್ಟ್ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದಲ್ಲಿ ಹೇಳಿದ್ದು ಹಳೆಯ ಕಲಂ 271(1)(ಸಿ) ಕುರಿತು. 270ಎಗೆ ಅದು ನೇರವಾಗಿ ಅನ್ವಯಿಸುತ್ತದೆಂದು ಬರೆಯದೆ, ಅದೇ ತತ್ತ್ವವೆಂದು ಬರೆದು, ಅದರ ಕೆಳಗೆ ದೆಹಲಿ ತೀರ್ಪನ್ನು ಸೇರಿಸಿದೆವು. ಈ ಆಕ್ಷೇಪವನ್ನು ಕಾಯ್ದಿರಿಸಿಕೊಂಡೇ ಮುಂದಿನ ವಿವರಣೆ ನೀಡುತ್ತಿದ್ದೇವೆ ಎಂಬ ಸಾಲೂ ಬೇಕಾಯಿತು. ಬರಿಯ ತಾಂತ್ರಿಕ ಆಕ್ಷೇಪವನ್ನು ಮುಂದಿಟ್ಟು ಮೂಲ ವಿಷಯದ ಬಗ್ಗೆ ಮೌನವಾಗಿರುವವರ ಮೇಲೆ ಅಧಿಕಾರಿಗಳಿಗೆ ವಿಶ್ವಾಸ ಹುಟ್ಟುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಮಹಡಿಯ ವೆಚ್ಚಕ್ಕೆ (6)(ಎ)ಯನ್ನು ಆಧಾರವಾಗಿಟ್ಟುಕೊಂಡೆವು. ಆ ಖಂಡಕ್ಕೆ ಎರಡು ಕಾಲುಗಳಿವೆ: ವಿವರಣೆ ಪ್ರಾಮಾಣಿಕವಾಗಿರಬೇಕು, ಅದನ್ನು ಸಮರ್ಥಿಸಲು ಬೇಕಾದ ಎಲ್ಲ ಮುಖ್ಯ ಸಂಗತಿಗಳನ್ನು ತೆರಿಗೆದಾರ ಬಹಿರಂಗಪಡಿಸಿರಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಬಿಟ್ಟರೆ ರಕ್ಷಣೆ ಸಿಗದು. ಮಹಡಿ ಕಟ್ಟಿದ್ದೇ ಸುಳ್ಳಲ್ಲ ಎಂಬುದಕ್ಕೆ ನಗರಸಭೆಯ ಕಟ್ಟಡ ಪರವಾನಗಿ ಮತ್ತು ಮಂಜೂರಾದ ನಕ್ಷೆ ಇದ್ದವು. ಮಾರಾಟದ ಕ್ರಯಪತ್ರದಲ್ಲಿ ಎರಡೂ ಮಹಡಿಗಳ ವಿಸ್ತೀರ್ಣ ಬರೆದಿತ್ತು. ಸಿಮೆಂಟು, ಕಬ್ಬಿಣದ ಬಿಲ್ಲುಗಳು ಎರಡು ಲಕ್ಷದಷ್ಟಿದ್ದವು, ಅವನ್ನು ಅಧಿಕಾರಿಗಳೇ ಒಪ್ಪಿದ್ದರು. ಬಿಲ್ಲಿಲ್ಲದ ಭಾಗ ಗಾರೆ ಕೆಲಸದವರ, ಬಡಗಿಯ ಕೂಲಿ. ಆ ತಿಂಗಳುಗಳಲ್ಲಿ ಅಣ್ಣನ ಪಾಸ್‌ಬುಕ್ಕಿನಲ್ಲಿ ವಾರವಾರವೂ ನಗದು ತೆಗೆದ ನಮೂದುಗಳಿದ್ದವು. ಆ ಪುಟಗಳಲ್ಲಿ ಸಂಬಂಧಪಟ್ಟ ಸಾಲುಗಳಿಗೆ ಗುರುತು ಹಾಕಿ, ಕೂಡಿದ ಮೊತ್ತ 1,70,000ಕ್ಕೂ ಮೇಲಿದೆ ಎಂದು ತೋರಿಸಿದೆವು. ರಿಟರ್ನಿನ ಬಂಡವಾಳ ಲಾಭದ ಪಟ್ಟಿಯಲ್ಲಿ ಸುಧಾರಣೆಯ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಿದ್ದರಿಂದ ಬಹಿರಂಗಪಡಿಸಿದ್ದಕ್ಕೂ ಆಧಾರವಿತ್ತು. ಇಷ್ಟು ಹೇಳಿದ ಮೇಲೆ (9)(ಸಿ)ಗೆ ಉತ್ತರ ತಾನಾಗಿ ಸಿಕ್ಕಿತು: ಸಾಕ್ಷ್ಯ ಪೂರ್ತಿಯಾಗಿ ಇಲ್ಲದಿರುವುದು ಬೇರೆ, ಒಂದೂ ಸಾಕ್ಷ್ಯವಿಲ್ಲದಿರುವುದು ಬೇರೆ. ಅರ್ಧ ವೆಚ್ಚವನ್ನು ಒಪ್ಪಿದ ಆದೇಶವೇ ಎರಡನೆಯ ಸ್ಥಿತಿ ಇಲ್ಲಿಲ್ಲವೆಂದು ತೋರಿಸುತ್ತದೆ.

ಬಡ್ಡಿಯ ಭಾಗವನ್ನು ಬರೆಯುವುದು ಕಷ್ಟವಾಯಿತು. ಅದು ಸಂಚಿತ ಠೇವಣಿಯಾದುದರಿಂದ ಬಡ್ಡಿ ಖಾತೆಗೆ ಬಂದು ಬೀಳುತ್ತಿರಲಿಲ್ಲ, ಅವಧಿ ಮುಗಿದಾಗ ತೆರಿಗೆ ಕಟ್ಟಿದರಾಯಿತೆಂದು ಅಣ್ಣ ತಿಳಿದಿದ್ದ. ಅವನು ಆ 15,000 ಟಿಡಿಎಸ್‌ನ ಲಾಭವನ್ನೂ ಕೋರಿರಲಿಲ್ಲ, ಹಾಗಾಗಿ ಅವನ ತಿಳಿವಳಿಕೆ ತಪ್ಪಾಗಿದ್ದರೂ ಅದರಲ್ಲಿ ಒಂದು ಸುಸಂಗತತೆ ಇತ್ತು. ಅಡಗಿಸುವ ಉದ್ದೇಶವಿರಲಿಲ್ಲ ಎನ್ನಲು ಇನ್ನೆರಡು ಸಂಗತಿಗಳಿದ್ದವು. ಬ್ಯಾಂಕು ಅವನ ಪ್ಯಾನ್ ಮೇಲೆಯೇ ತೆರಿಗೆ ಕಡಿತ ಮಾಡಿ 26ಎಎಸ್‌ನಲ್ಲಿ ತೋರಿಸಿತ್ತು, ವಿಚಾರಣೆಯಲ್ಲಿ ಕೇಳಿದ ಕೂಡಲೆ ಅಣ್ಣ ಠೇವಣಿಯ ವಿವರ ಕೊಟ್ಟಿದ್ದ. 2023ರ ಜುಲೈನಲ್ಲಿ ಸಲ್ಲಿಸಿದ ಮುಂದಿನ ವರ್ಷದ ರಿಟರ್ನಿನಲ್ಲಿ ಈ ಬಡ್ಡಿಯನ್ನು ತಾನೇ ಸೇರಿಸಿದ್ದ. ಹಿಂದಿನ ವರ್ಷ, ಅಂದರೆ 2021-22ನೇ ಅಸೆಸ್‌ಮೆಂಟ್ ವರ್ಷ, ಹಾಗೆಯೇ ಉಳಿದಿತ್ತು. ಅದಕ್ಕೆ ಕಲಂ 139(8ಎ) ಅಡಿ ನವೀಕೃತ ರಿಟರ್ನ್ ಸಲ್ಲಿಸಲು 2024ರ ಮಾರ್ಚ್ 31ರವರೆಗೆ ಅವಕಾಶವಿದ್ದು, ತೆರಿಗೆ ಮತ್ತು ಬಡ್ಡಿಯ ಮೇಲೆ ಶೇಕಡಾ 50 ಹೆಚ್ಚುವರಿ ಕಟ್ಟಿ ಕೊನೆಯ ವಾರದಲ್ಲಿ ಸಲ್ಲಿಸಿದ್ದೆವು. ಅದರ ಸ್ವೀಕೃತಿಯನ್ನೂ ಲಗತ್ತಿಸಿದೆವು. ಇವೆಲ್ಲ (9)(ಎ)ಯನ್ನು ತಡೆಯಲು ಸಾಕು, (6)(ಎ)ಯ ಪೂರ್ಣ ರಕ್ಷಣೆ ಪಡೆಯಲು ಸಾಕಾಗದಿರಬಹುದು ಎಂಬುದು ನಮಗೆ ಗೊತ್ತಿತ್ತು. ಆದ್ದರಿಂದ ಬಡ್ಡಿಗೆ ದಂಡ ಬೇಡವೆಂದು ಮೊದಲು ಕೇಳಿ, ಒಪ್ಪಿಗೆಯಾಗದಿದ್ದರೆ ಶೇಕಡಾ 50 ಮೀರಬಾರದೆಂದು ಪರ್ಯಾಯವಾಗಿ ಬೇಡಿಕೆ ಇಟ್ಟು, ಸೆಸ್ ಸೇರಿ ಬಡ್ಡಿಯ ಮೇಲಿನ ತೆರಿಗೆಯಾದ 31,200ರ ಅರ್ಧ 15,600 ಎಂಬ ಲೆಕ್ಕವನ್ನೂ ನಾವೇ ಬರೆದೆವು.

ಕೆಲವನ್ನು ಬೇಕೆಂದೇ ಬಿಟ್ಟೆವು. ದಂಡದ ಉತ್ತರಗಳಲ್ಲಿ "ಸಕಾರಣ"ದ ಕಲಂ 273ಬಿ ಅನ್ನು ಉಲ್ಲೇಖಿಸುವುದು ಅಭ್ಯಾಸವಾಗಿಬಿಟ್ಟಿದೆ, ಆದರೆ ಅದು ಎಣಿಸುವ ಕಲಂಗಳ ಪಟ್ಟಿಯಲ್ಲಿ 270ಎ ಇಲ್ಲ. ಅಂದಾಜಿನ ಮೇಲೆ ನಿಂತ ಸೇರ್ಪಡೆಗಳಿಗೆ ರಕ್ಷಣೆ ಕೊಡುವ (6)(ಬಿ), (6)(ಸಿ) ಕೂಡ ಆಕರ್ಷಕವಾಗಿ ಕಾಣುತ್ತವೆ. ಮೊದಲನೆಯದಕ್ಕೆ ಸರಿಯಾದ ಲೆಕ್ಕಪುಸ್ತಕವಿರಬೇಕು, ಎರಡನೆಯದಕ್ಕೆ ತೆರಿಗೆದಾರ ತಾನೇ ಒಂದು ಕಡಿಮೆ ಮೊತ್ತವನ್ನು ಅಂದಾಜಿಸಿ ಆದಾಯಕ್ಕೆ ಸೇರಿಸಿಕೊಂಡಿರಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ.

ಇಡೀ ಉತ್ತರ ಐದು ಪುಟದೊಳಗೆ ಮುಗಿಯಿತು. ಲಗತ್ತುಗಳಿಗೆ ಉತ್ತರದ ಪರಿಚ್ಛೇದಗಳ ಸಂಖ್ಯೆಯನ್ನೇ ಕೊಟ್ಟು, `e-Proceedings` ವಿಭಾಗದಲ್ಲಿ ಆ ನೋಟಿಸಿನ ಎದುರಿಗೇ ಸಲ್ಲಿಸಿ, ಸ್ವೀಕೃತಿಯನ್ನು ಉಳಿಸಿಕೊಂಡೆವು. ಪ್ರತಿಕೂಲ ತೀರ್ಮಾನಕ್ಕೆ ಬರುವ ಮುನ್ನ ವೀಡಿಯೊ ಮೂಲಕ ಅಹವಾಲು ಕೇಳಬೇಕೆಂದು ಕೊನೆಯಲ್ಲಿ ಕೋರಿದ್ದೆವು. ದಂಡದ ಘಟಕದಿಂದ ಜುಲೈನಲ್ಲಿ ಇನ್ನೊಂದು ನೋಟಿಸ್ ಬಂದಾಗ ಹೊಸದೇನನ್ನೂ ಸೇರಿಸದೆ, ಹಿಂದಿನ ಉತ್ತರವನ್ನೇ ಉಲ್ಲೇಖಿಸಿ ಪಾಸ್‌ಬುಕ್ಕಿನ ಪುಟಗಳ ಇನ್ನೂ ಸ್ಪಷ್ಟವಾದ ಪ್ರತಿಗಳನ್ನು ಕಳುಹಿಸಿದೆವು.

ಅಂತಿಮ ಆದೇಶ ಸೆಪ್ಟೆಂಬರ್ ಎರಡನೇ ವಾರದಲ್ಲಿ ಬಂತು. ನೋಟಿಸಿನ ದೋಷದ ಬಗ್ಗೆ ನಾವು ಎತ್ತಿದ ಆಕ್ಷೇಪವನ್ನು ಅದು ಒಂದೇ ಸಾಲಿನಲ್ಲಿ ತಳ್ಳಿಹಾಕಿತ್ತು. ಮಹಡಿಯ ವೆಚ್ಚದ ವಿಷಯದಲ್ಲಿ (6)(ಎ) ಅನ್ವಯಿಸುತ್ತದೆಂದು ಒಪ್ಪಿ ದಂಡ ಕೈಬಿಡಲಾಗಿತ್ತು. ಬಡ್ಡಿಯ ವಿಷಯದಲ್ಲಿ, ರಿಟರ್ನ್ ಸಲ್ಲಿಸುವ ಹೊತ್ತಿಗೆ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಕಾಣುತ್ತಿದ್ದುದರಿಂದ ವಿವರಣೆ ತೃಪ್ತಿಕರವಲ್ಲವೆಂದೂ, ಆದರೆ ಅಡಗಿಸಿದ್ದಕ್ಕೆ ಆಧಾರವಿಲ್ಲದ್ದರಿಂದ ಉಪಕಲಂ (7)ರ ದರವೇ ಸಾಕೆಂದೂ ಬರೆದಿತ್ತು. ದಂಡ 15,600 ರೂಪಾಯಿ. ನೋಟಿಸಿನ ದೋಷದ ಮೇಲೆ ಮೇಲ್ಮನವಿ ಹೋದರೆ ಇದೂ ಬಿದ್ದುಹೋಗಬಹುದೆಂದು ಆಡಿಟರ್ ಹೇಳಿದರು. ಅಣ್ಣ ಆ ಪರಿಚ್ಛೇದವನ್ನು ಮತ್ತೊಮ್ಮೆ ಓದಿ, ಬಡ್ಡಿಯ ವಿಷಯದಲ್ಲಿ ಅವರು ಬರೆದದ್ದರಲ್ಲಿ ತನಗೆ ತಕರಾರಿಲ್ಲವೆಂದು ಹೇಳಿ, ಬೇಡಿಕೆ ನೋಟಿಸಿನ ಅವಧಿಯೊಳಗೆ ಚಲನ್ ಮೂಲಕ ಹಣ ಕಟ್ಟಿದ.